ಅರಿಶಿಣ ಹಚ್ಚದ ಥ್ಯಾಂಕ್ಯೂ ಕಾರ್ಡು

ಫುಸ್, ಟಕ್. ಫುಸ್, ಟಕ್. ಹೊಸಪೇಟೆಯ ಆ ಪ್ರೆಸ್ಸಿನ ಪುಟ್ಟ ಆಫ್‌ಸೆಟ್ ಯಂತ್ರ ಗಾಳಿಯಿಂದ ಹೀರಿ ಒಂದೊಂದೇ ಹಾಳೆಯನ್ನು ಎತ್ತುವಾಗ ಫುಸ್ ಎನ್ನುತ್ತಿತ್ತು; ಅಚ್ಚಾದ ಹಾಳೆಯನ್ನು ಆಚೆ ಬೀಳಿಸುವಾಗ ಟಕ್ ಎನ್ನುತ್ತಿತ್ತು. ನಡುವೆ ಹೊರಗಿನ ರಸ್ತೆಯಲ್ಲಿ ಅದಿರಿನ ಲಾರಿ ಹೋದರೆ ಎರಡೂ ಸದ್ದು ಮುಳುಗಿಹೋಗುತ್ತಿದ್ದವು. ಲಾರಿ ದಾಟಿದ ಮೇಲೆ ಮತ್ತೆ ಫುಸ್, ಟಕ್. ಮುನ್ನೂರು ಕಾರ್ಡು ಮುಗಿಯುವವರೆಗೆ ನಾನು ಸ್ಟೂಲಿನ ಮೇಲೆ ಕೂತು ಕೇಳಿದ್ದೆ. ಐ ವಾಸ್ ವೆರಿ ಹ್ಯಾಪಿ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಆ ಸಂತೋಷದಿಂದಲೇ ಆದದ್ದು.

ಆ ವರ್ಷಗಳಲ್ಲಿ ನಮ್ಮ ಕಡೆ ಮದುವೆಗಳು ಸಿನಿಮಾ ಸೆಟ್ಟಿನಂತೆ ಆಗುತ್ತಿದ್ದವು. ಗಣಿ ಇದ್ದವರು ಸರಿ, ಗಣಿಗೆ ಎರಡು ಟಿಪ್ಪರು ಬಿಟ್ಟವರೂ ಹಾಗೆಯೇ. ಸಂಡೂರಿನ ದೊಡ್ಡ ಮನೆಯೊಂದರ ಮದುವೆಯಾದ ಮೇಲೆ ಬಂದವರಿಗೆಲ್ಲ ಥ್ಯಾಂಕ್ಯೂ ಕಾರ್ಡು ಹೋಯಿತು. ಅಲ್ಲಿಯವರೆಗೆ ನಮ್ಮಲ್ಲಿ ಲಗ್ನಪತ್ರಿಕೆ ಒಂದೇ ಗೊತ್ತಿದ್ದದ್ದು. ಊಟ ಮಾಡಿಸಿ, ತಾಂಬೂಲ ಕೊಟ್ಟು ಕಳಿಸಿದರೆ ಕೃತಜ್ಞತೆ ಮುಗಿಯಿತು. ಒಬ್ಬರು ಶುರುಮಾಡಿದ ಮೇಲೆ ಉಳಿದವರು ಬಿಡುತ್ತಾರೆಯೇ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥ ಒಂದು ಮನೆಗೆ ಸೊಸೆಯಾಗಿ ಹೋಗಿದ್ದಳು. ಅವಳ ತವರು ಕಮಲಾಪುರ, ಬಾಳೆ ತೋಟದವರು. ಅತ್ತೆಯ ಮನೆ ಸಂಡೂರು, ಅದಿರು ಸಾಗಿಸುವವರು. ಗಂಡ ಕಿರಿಯ ಮಗ. ದಿನವೂ ಲಾರಿಗಳ ಹಿಂದೆ ಮುಂದೆ ಜೀಪಿನಲ್ಲಿ ಓಡಾಡುವ ಕೆಲಸ. ಹುಡುಗಿ ಬಿ.ಎಡ್. ಮಾಡಿದ್ದಳು. ಐದನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಇಂಗ್ಲಿಷ್ ಕಲಿಯುವಾಗಲೇ, ಬೇರೆ ಮಕ್ಕಳನ್ನು ಸಾಲಾಗಿ ಕೂರಿಸಿ ಟೀಚರ್ ಆಟ ಆಡುತ್ತಿದ್ದವಳು. ಸಂಡೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಜೂನ್‌ನಿಂದ ಅವಳಿಗೆ ಕೆಲಸ ಕೊಡಲು ಒಪ್ಪಿದ್ದರು. ಮನೆಯವರು ಒಪ್ಪಬೇಕಿತ್ತು.

ಮದುವೆಯಾಗಿ ಮೂರು ವಾರಕ್ಕೆ ಹೊಸಪೇಟೆಯ ಟಿ.ಬಿ. ಡ್ಯಾಮಿನ ಹತ್ತಿರದ ನನ್ನ ಮನೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಅವಳ ಕೈಯಲ್ಲಿ ಮದುವೆಯ ಆಲ್ಬಮ್ಮು.

‘ಮಿಸ್, ನಮ್ಮ ಮಾವಾರು ಥ್ಯಾಂಕ್ಯೂ ಕಾರ್ಡ್ ಮಾಡಿಸ್ಬೇಕು ಅಂದಾರ. ಇಂಗ್ಲಿಷ್ ಓದಿದಾಕಿ ಮನ್ಯಾಗ ಅದಾಳ, ಆಕೀನೇ ಮಾಡ್ಲಿ ಅಂತ ನಂಗ ಬಿಟ್ಟಾರ.’

‘ವೆರಿ ಗುಡ್. ಮಾಡು ಮತ್ತೆ.’

‘ನಮ್ಮ ಅತ್ತಿ ಏನಂದ್ರು ಗೊತ್ತೇನ್ರಿ? ಮೊದ್ಲು ಮನಿ ಕೆಲ್ಸ ಒಂದು ನೆಟ್ಟಗ ಮಾಡಿ ತೋರ್ಸು, ಆಮ್ಯಾಲೆ ಸಾಲಿ ಮಾತು ಆಡೂಣಂತ. ಇದು ಚಂದ ಆದ್ರ ಜೂನಿಗೆ ಸೇರ್ಬೋದು ಮಿಸ್.’

ಗಂಡ ನಕ್ಕ. ‘ಟೀಚರ್ರ, ಕಾರ್ಡ್ ಕೆಟ್ರ ಈಕಿ ನನ್ನ ಕುಂದ್ರಿಸಿ ಎ ಬಿ ಸಿ ಡಿ ಕಲಿಸ್ತಾಳ. ನನ್ನ ಜೀವ ಉಳಸ್ರಿ.’

‘ನಿಮಗ ಕಲ್ಸಾಕ ನಾ ಸಾಲಂಗಿಲ್ಲ,’ ಎಂದಳು ಅವಳು. ‘ಹೆಡ್‌ಮಿಸ್ಟ್ರೆಸ್ಸೇ ಬೇಕು.’

ಮಾವ ಕೊಟ್ಟು ಕಳಿಸಿದ್ದ ಮಾದರಿಯನ್ನು ತೋರಿಸಿದಳು. ಸಂಡೂರಿನ ಆ ದೊಡ್ಡ ಮನೆಯ ಕಾರ್ಡು: ಮೇಲೆ ಗಣಪತಿ, ಎರಡೂ ಬದಿ ಬಾಳೆಕಂಬ, ಮಾವಿನ ತೋರಣ, ನವಿಲು, ನಡುವೆ ಹೃದಯದ ಆಕಾರದಲ್ಲಿ ಗಂಡು ಹೆಣ್ಣು, ಸುತ್ತ ಬಂಗಾರದ ಬಣ್ಣ. ನನಗೆ ಕಣ್ಣು ಕುಕ್ಕಿತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಸಿಸ್ಟರ್ ಒಬ್ಬರು ತಮ್ಮ ಮೇಜಿನ ಡ್ರಾಯರಿನಿಂದ ಒಂದು ಕಾರ್ಡು ತೆಗೆದು ತೋರಿಸಿದ್ದರು. ಅವರ ತಂಗಿ ಮದುವೆಯಾಗಿ ಕಳಿಸಿದ್ದು. ದಂತದ ಬಣ್ಣದ ದಪ್ಪ ಕಾಗದ, ಅಂಚಿಗೆ ಕೂದಲೆಳೆಯಂಥ ಕಪ್ಪು ಗೆರೆ, ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಫೋಟೋ, ಒಳಗೆ ನಾಲ್ಕೇ ಸಾಲು. ‘ಗ್ರ್ಯಾಟಿಟ್ಯೂಡ್ ಡಸ್ ನಾಟ್ ಶೌಟ್, ಚೈಲ್ಡ್,’ ಎಂದಿದ್ದರು. ನನ್ನ ಮದುವೆಗೆ ಅಂಥದ್ದು ಯಾರೂ ಮಾಡಿಸಲಿಲ್ಲ. ನಾನೂ ಕೇಳಲಿಲ್ಲ. ನಲವತ್ತು ವರ್ಷ ಆ ಕಾರ್ಡು ನನ್ನ ತಲೆಯಲ್ಲಿ ಹಾಗೇ ಇತ್ತು.

ಆವತ್ತು ಮಧ್ಯಾಹ್ನ ಮೂವರೂ ಕೂತು ಮ್ಯಾಟರ್ ಬರೆದೆವು. ಅವಳ ಮೊದಲ ಸಾಲು, ‘ತಾವುಗಳು ಆಗಮಿಸಿ ವಧೂವರರನ್ನು ಆಶೀರ್ವದಿಸಿದ್ದಕ್ಕಾಗಿ’ ಎಂದಿತ್ತು. ‘ಇದು ಪತ್ರಿಕೆಯ ಭಾಷೆ,’ ಎಂದೆ. ‘ನೀವೇ ವಧೂವರರು. ನೀವೇ ಮಾತಾಡಿ. ಬಂದವರಿಗೆ ಎದುರಿಗೆ ನಿಂತು ಹೇಳುವುದಾದರೆ ಏನು ಹೇಳುತ್ತೀರಿ?’

ಗಂಡ ಹೇಳಿದ, ‘ಬಿಸಿಲಾಗ ಬಂದ್ರಿ, ಭಾಳ ತ್ರಾಸಾತು ನಿಮಗ ಅಂತೀನ್ರಿ.’

ಅದನ್ನೇ ಇಟ್ಟುಕೊಂಡೆವು. ಕೊನೆಗೆ ಆದದ್ದು ಇಷ್ಟು: ‘ಅಷ್ಟು ಬಿಸಿಲಿನಲ್ಲಿ ನಮಗಾಗಿ ಬಂದಿರಿ. ಅಕ್ಷತೆ ಹಾಕಿ ಹರಸಿದಿರಿ, ನಮ್ಮ ಜೊತೆ ಕೂತು ಉಂಡಿರಿ. ನೀವು ತಂದ ಪ್ರೀತಿಯ ಕಾಣಿಕೆಗಳು ನಮ್ಮ ಹೊಸ ಮನೆಯನ್ನು ತುಂಬಿವೆ. ಒಮ್ಮೆ ಬನ್ನಿ, ಚಹಾ ಕುಡಿಯೋಣ.’ ಎಡಪುಟದಲ್ಲಿ ಇದೇ ಇಂಗ್ಲಿಷಿನಲ್ಲಿ, ಬಲಪುಟದಲ್ಲಿ ಕನ್ನಡದಲ್ಲಿ, ಕೆಳಗೆ ಇಬ್ಬರ ಹೆಸರು ಮಾತ್ರ. ಚಿರಂಜೀವಿ, ಸೌಭಾಗ್ಯವತಿ, ಸುಪುತ್ರ, ಸುಪುತ್ರಿ ಏನೂ ಇಲ್ಲ. ಇವತ್ತಿಗೂ ಆ ಸಾಲುಗಳಲ್ಲಿ ನಾನು ತಪ್ಪು ಹುಡುಕಲಾರೆ. ತಪ್ಪು ಇದ್ದದ್ದು ಹೊರಗಿನ ಪುಟದಲ್ಲಿ.

ಪ್ರೆಸ್ಸಿಗೆ ಅವಳ ಜೊತೆ ನಾನೇ ಹೋದೆ. ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವವರೇ ಅಲ್ಲಿಯ ಯಜಮಾನರು. ಐವತ್ತು ದಾಟಿದ ಮನುಷ್ಯ, ಒಂದು ಕಾಲಕ್ಕೆ ಸೀಸದ ಅಚ್ಚಿನ ಮೊಳೆ ಜೋಡಿಸಿದವರು. ನಾನು ಹೇಳಿದಂತೆ ಪರದೆಯ ಮೇಲೆ ಕಾರ್ಡು ಮೂಡಿತು. ನಡುವೆ ಅಂಡಾಕಾರದಲ್ಲಿ ಇಬ್ಬರ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ಮದುವೆಯ ದಿನಾಂಕ, ಸುತ್ತ ತೆಳು ಗೆರೆ. ಉಳಿದದ್ದೆಲ್ಲ ಖಾಲಿ.

‘ಟೀಚರಮ್ಮಾರ, ಇಷ್ಟು ಜಾಗ ಖಾಲಿ ಬಿಟ್ರ ಜನ ನಾ ಅಚ್ಚು ಹಾಕೋದು ಮರ್ತೀನಿ ಅಂತಾರ್ರಿ,’ ಎಂದರು.

‘ಅದು ವೈಟ್ ಸ್ಪೇಸ್. ಕಣ್ಣಿಗೆ ಉಸಿರಾಡಲು ಜಾಗ ಬೇಕು.’

‘ಮ್ಯಾಲೆ ಒಂದು ಗಣಪತಿ ಇಡ್ಲೇನ್ರಿ? ಸಣ್ಣದು?’

‘ಬೇಡ.’

‘ಶ್ರೀಕಾರ?’

‘ಬೇಡ.’

ಅವರು ಮೌಸು ಬಿಟ್ಟು ನನ್ನ ಕಡೆ ತಿರುಗಿದರು. ‘ಫೋಟೋ ಕಲರ್ ಮಾಡೂಣ್ರಿ. ನಾಕು ಕಲರಿಂದು ಹೈದರಾಬಾದಿಗೆ ಕಳ್ಸಿ ಮಾಡಿಸ್ತೀನಿ. ಸಂಡೂರು ಸಾವ್ಕಾರ್ರು ರೊಕ್ಕಕ್ಕ ಹಿಂದ ಮುಂದ ನೋಡಂಗಿಲ್ಲ.’

‘ರೊಕ್ಕದ ಪ್ರಶ್ನೆ ಅಲ್ಲ. ಬ್ಲ್ಯಾಕ್ ಅಂಡ್ ವೈಟ್ ಈಸ್ ಟೈಮ್‌ಲೆಸ್.’

‘ಹಂಗಾರ ಗೆರಿನಾದ್ರೂ ಕೆಂಪು ಮಾಡೂಣು. ಕರಿ ಗೆರಿ ಬ್ಯಾಡ್ರಿ.’

‘ಅದು ಕಪ್ಪಲ್ಲ, ಚಾರ್ಕೋಲ್,’ ಎಂದೆ ನಾನು. ಎಂಥ ಉತ್ತರ.

ಅವರು ಹುಡುಗಿಯ ಮುಖ ನೋಡಿದರು. ಅವಳು ನನ್ನ ಮುಖ ನೋಡಿ, ‘ಮಿಸ್ ಹೇಳ್ದಂಗ ಮಾಡ್ರಿ ಅಣ್ಣಾರ,’ ಎಂದಳು. ಅವರು ತಲೆಯಾಡಿಸಿ ಪ್ರೂಫ್ ತೆಗೆದರು.

ಪ್ರೂಫ್ ಹಿಡಿದುಕೊಂಡು ಕಮಲಾಪುರಕ್ಕೆ, ಅವಳ ತಾಯಿಯ ಬಳಿಗೆ ಹೋದೆವು. ಆ ತಾಯಿಗೆ ಓದು ಬಾರದು. ಕಾಗದವನ್ನು ಅಂಗೈಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಳಗೆ ಹೋಗಿ ಬಂದರು. ‘ಚಂದ ಐತ್ರಿ ಟೀಚರಮ್ಮ. ಅರಿಶಿಣ ಹಚ್ಚೋದಲ್ಲ?’

‘ಅದು ಪತ್ರಿಕೆಗೆ ಹಚ್ಚುವುದು. ಥ್ಯಾಂಕ್ಯೂ ಕಾರ್ಡಿಗೆ ಇಲ್ಲ.’

‘ನಾಕು ಮೂಲಿಗೆ ನಾಕು ಬೊಟ್ಟು ಅಷ್ಟ. ನಾ ಕುಂತು ಎಲ್ಲಾಕ್ಕೂ ಹಚ್ತೀನಿ. ನಿಮಗ ತ್ರಾಸ ಕೊಡಂಗಿಲ್ಲ.’

ಮುನ್ನೂರು ಕಾರ್ಡಿಗೆ ಸಾವಿರದ ಇನ್ನೂರು ಬೊಟ್ಟು ಇಡಲು ಆಕೆ ಸಿದ್ಧರಿದ್ದರು. ಐವರಿ ಕಾಗದ ಕಲೆಯಾಗುತ್ತದೆ ಎಂದೆ. ಆಕೆ ಪ್ರೂಫನ್ನು ನನ್ನ ಕೈಗೆ ವಾಪಸು ಕೊಟ್ಟರು.

ಯಾರಿಗಾದರೂ ಈ ಹೊತ್ತಿಗೆ ತಿಳಿದಿರುತ್ತದೆ. ನನಗೊಬ್ಬಳಿಗೆ ತಿಳಿಯಲಿಲ್ಲ. ನಮ್ಮ ಕಡೆ ಗಣಪತಿ ಇಲ್ಲದೆ, ಅರಿಶಿಣ ಇಲ್ಲದೆ, ಕಪ್ಪು ಶಾಯಿಯಲ್ಲಿ, ನಡುವೆ ಕಪ್ಪುಬಿಳುಪು ಫೋಟೋ ಇಟ್ಟು ಕೆಳಗೆ ತಾರೀಖು ಹಾಕಿ ಮನೆಗೆ ಬರುವ ಕಾರ್ಡು ಒಂದೇ. ಹನ್ನೊಂದನೆಯ ದಿನಕ್ಕೋ ಹದಿಮೂರನೆಯ ದಿನಕ್ಕೋ ಕರೆಯುವ ಕಾರ್ಡು. ನನ್ನ ಗಂಡ ಹೋದಾಗ ನನ್ನ ಮನೆಯಿಂದಲೇ ಅಂಥವು ನೂರು ಹೋಗಿದ್ದವು. ಮೈದುನ ಮಾಡಿಸಿದ್ದ, ನಾನು ನೋಡಿದ್ದೆ ಕೂಡ. ಆದರೂ ಆ ಎರಡು ಕಾಗದಗಳು ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಬರಲೇ ಇಲ್ಲ. ಒಂದು ಕಾನ್ವೆಂಟಿನ ಡ್ರಾಯರಿನಲ್ಲಿತ್ತು, ಇನ್ನೊಂದು ನಾನು ನೋಡಬಾರದೆಂದುಕೊಂಡ ದಿನಗಳಲ್ಲಿತ್ತು.

ಕಾರ್ಡುಗಳು ಅಚ್ಚಾದವು. ನಡುವೆ ಮಡಿಕೆಯ ಗೀರು ಹಾಕಿ, ಅಂಚು ಕತ್ತರಿಸಿ, ಕೆಂಪು ದೂಳು ಕೂರದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ಸಂಡೂರಿನ ಮನೆಗೆ ಕಟ್ಟು ತಲುಪಿದ ದಿನ ಅತ್ತೆ ಊರಲ್ಲಿರಲಿಲ್ಲ. ಗಂಡ ನೋಡಿ, ‘ಫಾರಿನ್ ಇದ್ದಂಗೈತಿ, ಮಸ್ತ್,’ ಎಂದನಂತೆ. ಮಾವ ಹೊರಗಿನ ಪುಟವನ್ನು ನೋಡಲೇ ಇಲ್ಲ; ಬಿಚ್ಚಿ, ಇಂಗ್ಲಿಷ್ ಇದೆಯೋ ಇಲ್ಲವೋ ನೋಡಿ, ಹಂಚಿಸಿ ಎಂದರು. ಹೊಸಪೇಟೆಯ ನೆಂಟರವು ಆವತ್ತೇ ಅಂಚೆಗೆ ಹೋದವು. ಕಂಪ್ಲಿಯಲ್ಲಿ ಗಂಡನ ಅಜ್ಜಿ ಇದ್ದರು, ಮನೆಯ ಹಿರಿಯರು. ಅವರ ಕಾರ್ಡು ಕೈಯಲ್ಲೇ ಮುಟ್ಟಬೇಕೆಂದು ಮರುದಿನ ಆ ಕಡೆ ಹೊರಟಿದ್ದ ತಮ್ಮ ಲಾರಿ ಡ್ರೈವರನ ಕೈಗೆ ಕೊಟ್ಟರು.

ಮುಂದಿನದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆಮೇಲೆ ಕೇಳಿದ್ದು. ಮಧ್ಯಾಹ್ನ ಊಟದ ಹೊತ್ತು. ಮೈಯೆಲ್ಲ ಅದಿರಿನ ದೂಳಾದ ಡ್ರೈವರು ಬಾಗಿಲಲ್ಲಿ ನಿಂತು, ‘ಸಣ್ಣ ಸಾವ್ಕಾರ್ರುದು ಅಮ್ಮ,’ ಎಂದಷ್ಟೇ ಹೇಳಿ ಕಾರ್ಡು ಕೊಟ್ಟು ಹೋದ. ಅವನಿಗೆ ಲೋಡಿನ ಆತುರ. ಅಜ್ಜಿಗೂ ಓದು ಬಾರದು. ಆಕೆ ಕಂಡದ್ದು ಮೊಮ್ಮಗ, ಅವನ ಹೆಂಡತಿ, ಕರಿ ಗೆರೆ, ಬಾಗಿಲಲ್ಲಿ ಲಾರಿಯವನು. ಆ ವರ್ಷಗಳಲ್ಲಿ ಆ ರಸ್ತೆಗಳಲ್ಲಿ ವಾರವಾರವೂ ಯಾರಾದರೊಬ್ಬರು ಅದಿರಿನ ಲಾರಿಗೆ ಸಿಕ್ಕಿ ಸಾಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ಆಕೆ ಎದೆ ಬಡಿದುಕೊಂಡು ಕೂಗಿದ್ದು ಓಣಿಗೆಲ್ಲ ಕೇಳಿತು. ಓದು ಬಲ್ಲವರೊಬ್ಬರು ಬಂದು ಓದಿ ಹೇಳಿದರೂ ನಂಬಲಿಲ್ಲ. ಸಂಡೂರಿನ ಫೋನು ಎಂಗೇಜ್ ಬರುತ್ತಿತ್ತು. ಹೊಸಪೇಟೆಯಲ್ಲಿ ಅಂಚೆ ಬಿಚ್ಚಿದ ನೆಂಟರು ಅದೇ ಹೊತ್ತಿಗೆ ಫೋನು ಮಾಡುತ್ತಿದ್ದರು. ಕೊನೆಗೆ ಅಜ್ಜಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಸಂಡೂರಿಗೆ ಬಂದರು.

ಮೊಮ್ಮಗ ಜಗಲಿಯ ಮೇಲೆ ಕೂತು ಶೂ ಬಿಚ್ಚುತ್ತಿದ್ದನಂತೆ. ಅಜ್ಜಿ ಅವನ ಕೆನ್ನೆಗೆ ಎರಡು ಬಾರಿಸಿ, ಆಮೇಲೆ ಅವನನ್ನು ಅಪ್ಪಿಕೊಂಡು ಬಿಡಲಿಲ್ಲ. ನನ್ನ ಹುಡುಗಿ ಚೊಂಬಿನಲ್ಲಿ ನೀರು ತಂದಳು. ಅಜ್ಜಿ ಅವಳ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ.

ಎರಡು ದಿನ ಆ ಮನೆಯ ಜೀಪು ಊರೂರು ಸುತ್ತಿ ಕಾರ್ಡುಗಳನ್ನು ವಾಪಸು ತಂದಿತು. ಮನೆಮನೆಯ ಬಾಗಿಲಲ್ಲಿ ನಿಂತು, ಆ ಕಾರ್ಡು ಕೊಡಿ ಎಂದು ಕೇಳಿದರಂತೆ. ಹಲವರು ಒಳಗೆ ತಂದೇ ಇರಲಿಲ್ಲ. ಹೊರಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಎಲ್ಲವನ್ನೂ ಕಂಪ್ಲಿಯ ಹತ್ತಿರ ಹೊಳೆಗೆ ಬಿಟ್ಟು, ಮನೆಯಲ್ಲಿ ಶಾಂತಿ ಮಾಡಿಸಿದರು.

ನನಗೆ ಇದೆಲ್ಲ ತಿಳಿದದ್ದು ನಾಲ್ಕನೆಯ ದಿನ, ಪ್ರೆಸ್ಸಿನವರಿಂದ. ಸಂಡೂರಿನವರು ಹೊಸ ಕಾರ್ಡು ಮಾಡಿಸಲು ಬಂದಿದ್ದರಂತೆ.

‘ನಿಮಗೆ ಮೊದಲೇ ಗೊತ್ತಿತ್ತೇ?’ ಎಂದು ಕೇಳಿದೆ.

‘ಗೊತ್ತಿತ್ರಿ.’

‘ಮತ್ತೆ ಯಾಕೆ ಹೇಳಲಿಲ್ಲ?’

‘ಹೆಂಗ ಹೇಳ್ಲಿ ಟೀಚರಮ್ಮಾರ? ಮದಿವಿ ಆದ ಹುಡುಗಿ ಹಸಿರು ಬಳಿ ಹಾಕ್ಕಂಡು ಎದುರಿಗೆ ಕುಂತಾಳ. ಆಕಿ ಮುಂದ ಆ ಮಾತು ಬಾಯಾಗ ಹೆಂಗ ತರ್ಲಿ? ಗಣಪತಿ ಇಡ್ತೀನಂದೆ. ಕೆಂಪು ಮಾಡ್ತೀನಂದೆ. ಇನ್ನೂ ಹೆಂಗ ಹೇಳ್ಬೇಕಿತ್ತು ಹೇಳ್ರಿ.’

ಮಂಗಳದ ಮುಂದೆ ಅಮಂಗಳದ ಹೆಸರೆತ್ತಬಾರದು. ಅವರು ಎತ್ತಲಿಲ್ಲ, ಅವಳ ತಾಯಿ ಎತ್ತಲಿಲ್ಲ. ಇಬ್ಬರೂ ತಮಗೆ ಸಾಧ್ಯವಿದ್ದ ರೀತಿಯಲ್ಲಿ ಹೇಳಿದ್ದರು. ಇಂಗ್ಲಿಷಿನಲ್ಲಿ ಟೋನ್ ಎಂದರೆ ಏನು, ಹೇಳದೆ ಬಿಟ್ಟದ್ದನ್ನು ತಿಳಿದುಕೊಳ್ಳುವ ಇನ್‌ಫರೆನ್ಸ್ ಎಂದರೆ ಏನು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು.

ಮರುದಿನ ಬಸ್ಸಿನಲ್ಲಿ ಸಂಡೂರಿಗೆ ಹೋದೆ. ಅವಳ ಅತ್ತೆ ನನ್ನನ್ನು ಬಾಗಿಲಿನಿಂದಲೇ ಕಳಿಸಬಹುದೆಂದು ಹೆದರಿದ್ದೆ. ‘ಬರ್ರಿ, ಕುಂದ್ರಿ,’ ಎಂದರು. ಚಹಾ ತಂದವಳು ನನ್ನ ಹುಡುಗಿಯಲ್ಲ, ಹಿರಿಯ ಸೊಸೆ. ತಪ್ಪು ಪೂರ್ತಿ ನನ್ನದು, ಅವಳ ಶಾಲೆಯ ಕೆಲಸಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡಿ ಎಂದು ಕೇಳಿಕೊಂಡೆ.

ಆ ಹೆಣ್ಣುಮಗಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ವಾದಿಸಬಹುದಿತ್ತು. ‘ನಿಮ್ಮ ಮ್ಯಾಲೂ ಸಿಟ್ಟಿಲ್ಲ, ಆಕಿ ಮ್ಯಾಲೂ ಸಿಟ್ಟಿಲ್ಲ ಟೀಚರಮ್ಮ. ನನ್ನ ಮಗ ದಿನಾ ಆ ಲಾರಿ ನಡುವ ಹೊಕ್ಕಾನ. ಆ ಫೋಟೋ ನೋಡಿದಾಗಿಂದ ಅಂವ ಬರೋತನ ನಾ ಬಾಗ್ಲಾಗ ಕುಂದ್ರತೀನಿ. ವರ್ಷೊಪ್ಪತ್ತು ಸೊಸಿ ಹೊಸ್ಲು ದಾಟಬಾರ್ದು, ದಿನಾ ದೀಪ ಹಚ್ಲಿ ಅಂತ ಶಾಂತಿ ಮಾಡ್ಸಿದ ಅಯ್ನೋರು ಹೇಳ್ಯಾರ. ನಿಮಗ ಮಗ ಇದ್ರ ನೀವೇನು ಮಾಡ್ತಿದ್ರಿ?’

ನನಗೆ ಮಕ್ಕಳಿಲ್ಲ. ಚಹಾ ಕುಡಿದೆ.

ಹೊರಡುವಾಗ ಹಿತ್ತಲ ಕಡೆಯಿಂದ ಹುಡುಗಿ ಬಂದಳು. ಕಣ್ಣು ಊದಿದ್ದವು. ‘ಮಿಸ್, ಅಳಬ್ಯಾಡ್ರಿ,’ ಎಂದಳು ನನಗೆ.

‘ನಿನಗಾದರೂ ಅನ್ನಿಸಲಿಲ್ಲವೇನೇ?’

ಅವಳು ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡಿದಳು. ‘ಅನಿಸಿತ್ರಿ. ಪ್ರೆಸ್ಸಿನಾಗ ಅಣ್ಣಾರು ಕರಿ ಗೆರಿ ಬ್ಯಾಡ ಅಂದ್ರಲ್ಲ, ಆವಾಗ ಅನಿಸ್ತು. ನೀವು ಭಾಳ ಖುಷಿ ಆಗಿದ್ರಿ ಮಿಸ್. ಮಿಸ್‌ಗೆ ತಿಳೀಲಾರ್ದ ಏನಿರ್ತೈತಿ ಅಂತ ಸುಮ್ಮನಾದೆ.’

ಇಡೀ ಜೀವಮಾನದಲ್ಲಿ ಯಾವ ಬೈಗುಳವೂ ನನಗೆ ಅಷ್ಟು ತಾಕಿಲ್ಲ. ಕ್ಲಾಸಿನಲ್ಲಿ ಎದುರು ಮಾತಾಡಬಾರದು ಎಂದು ಅವಳಿಗೆ ಕಲಿಸಿದ್ದು ನಾನೇ.

ಹೊಸ ಕಾರ್ಡಿನ ಒಂದು ಪ್ರತಿಯನ್ನು ಪ್ರೆಸ್ಸಿನವರು ತೋರಿಸಿದರು. ಗಣಪತಿ, ಬಾಳೆಕಂಬ, ತೋರಣ, ಕೆಂಪು ಹಳದಿ ಅಂಚು, ಬಣ್ಣದ ಫೋಟೋ, ನಾಲ್ಕು ಮೂಲೆಗೂ ಅರಿಶಿಣ. ಒಳಗೆ ಮಾದರಿ ಪುಸ್ತಕದಿಂದ ಎತ್ತಿಕೊಂಡ ಒಕ್ಕಣೆ: ‘ನಮ್ಮ ಸುಪುತ್ರನ ವಿವಾಹ ಮಹೋತ್ಸವಕ್ಕೆ ತಾವುಗಳು ಆಗಮಿಸಿ...’ ಕೆಳಗೆ ಮಾವನ ಹೆಸರು, ಅತ್ತೆಯ ಹೆಸರು, ಬಂಧುಗಳ ಹೆಸರು. ಮಗನ ಹೆಸರು ಒಕ್ಕಣೆಯ ನಡುವೆ ಒಮ್ಮೆ ಬಂದಿತ್ತು. ಅವಳ ಹೆಸರು ಎಲ್ಲೂ ಇರಲಿಲ್ಲ. ಬಿಟ್ಟದ್ದು ಬೇಕೆಂದಲ್ಲವಂತೆ, ಮಾದರಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಬಿಸಿಲು, ಚಹಾ ಯಾವುದೂ ಇರಲಿಲ್ಲ. ಅದನ್ನು ಓದಿದ ಯಾರೂ ಅಳಲಿಲ್ಲ, ಹೆದರಲಿಲ್ಲ. ಗೋಡೆಯ ಮೊಳೆಗೆ ಸಿಕ್ಕಿಸಿಟ್ಟುಕೊಂಡರು.

ಜೂನ್ ಬಂತು. ಶಾಲೆಯವರು ಒಂದು ತಿಂಗಳು ಕಾದು ಬೇರೆಯವರನ್ನು ತೆಗೆದುಕೊಂಡರು. ವರ್ಷ ಮುಗಿದ ಮೇಲೆ ಅವಳು ಬಸುರಿಯಾದಳು, ಮಗು ನಿಲ್ಲಲಿಲ್ಲ. ಅದಕ್ಕೆ ಏನು ಕಾರಣ ಹೇಳಿದರೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಒಂದು ವರ್ಷದ ವ್ರತ ಎರಡಾಯಿತು. ಆಮೇಲೆ ಅದು ವ್ರತ ಎಂಬುದನ್ನೂ ಮರೆತು ಹಾಗೆಯೇ ರೂಢಿಯಾಯಿತು; ಹೊಸ್ತಿಲು ದಾಟಿದರೂ ಅತ್ತೆಯ ಜೊತೆಯಲ್ಲೇ. ಗಂಡ ಕ್ಷೇಮವಾಗಿದ್ದ, ದಿನವೂ ಸಂಜೆ ಮನೆಗೆ ಬರುತ್ತಿದ್ದ. ಅವನು ಕ್ಷೇಮವಾಗಿರುವುದೇ ಅವಳನ್ನು ಒಳಗಿಟ್ಟದ್ದು ಸರಿ ಎಂಬುದಕ್ಕೆ ಸಾಕ್ಷಿಯಾಯಿತು. ಇದನ್ನು ಯಾವ ಲಾಜಿಕ್ಕಿನಿಂದ ಮುರಿಯುವುದು?

ಅವಳನ್ನು ಕೊನೆಯ ಸಲ ನೋಡಿದ್ದು ಕೆಲವು ವರ್ಷಗಳ ಮೇಲೆ, ಅವಳು ಕೆಲಸಕ್ಕೆ ಸೇರಬೇಕಿದ್ದ ಆ ಶಾಲೆಯ ಗೇಟಿನಲ್ಲಿ. ಇಂಗ್ಲಿಷ್ ಭಾಷಣ ಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ನಾನು ಆಟೋದಿಂದ ಇಳಿಯುವಾಗ ಅವಳು ಹಿರಿಯ ಸೊಸೆಯ ಮಗಳನ್ನು ಬಿಡಲು ಬಂದಿದ್ದಳು. ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಟೈ ಸರಿಮಾಡುತ್ತ, ‘ರೆಸ್ಪೆಕ್ಟೆಡ್ ಜಡ್ಜಸ್ ಅಂದ ಮ್ಯಾಲೆ ಒಂಚೂರು ನಿಲ್ಲಬೇಕು, ಉಸುರು ತಗೊಂಡು ಆಮ್ಯಾಲೆ ಮುಂದಿಂದು,’ ಎಂದು ಹೇಳಿಕೊಡುತ್ತಿದ್ದಳು. ನನ್ನನ್ನು ಕಂಡು ಎದ್ದಳು. ತೆಳ್ಳಗಾಗಿದ್ದಳು.

‘ಆರಾಮ ಅದೀರಿ ಮಿಸ್?’

‘ಒಳಗೆ ಬಾರೇ. ಮಗು ಮಾತಾಡುವುದನ್ನು ಕೇಳುವಿಯಂತೆ. ಅರ್ಧ ಗಂಟೆ.’

ಅವಳು ಹಿಂದಿರುಗಿ ರಸ್ತೆಯ ಆಚೆ ನಿಂತಿದ್ದ ಜೀಪನ್ನು ನೋಡಿದಳು. ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ನನಗೆ ಕೈಮುಗಿದರು, ನಾನೂ ಮುಗಿದೆ.

‘ಇಲ್ರಿ ಮಿಸ್, ಗಾಡಿ ಕಾಯಾಕತ್ತೈತಿ.’

ಮಗು ನನ್ನ ಕೈ ಹಿಡಿದುಕೊಂಡಿತು. ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿ ನಾನು ತಿರುಗಿ ನೋಡಿದಾಗ ಅವಳು ಇನ್ನೂ ಅಲ್ಲೇ ಇದ್ದಳು. ನನ್ನನ್ನಾಗಲಿ ಮಗುವನ್ನಾಗಲಿ ನೋಡುತ್ತಿರಲಿಲ್ಲ. ಕ್ಲಾಸ್‌ರೂಮುಗಳ ಕಡೆ ನೋಡುತ್ತಿದ್ದಳು. ಜೀಪಿನವನು ಹಾರ್ನ್ ಹೊಡೆದ. ಅವಳು ಸೆರಗು ಹೊದ್ದುಕೊಂಡು ರಸ್ತೆ ದಾಟಿದಳು.